ಖಾಲಿ ತಿಂಗಳು, ಬಾಕಿ ತಿಂಗಳು

ಕಾರವಾರದಲ್ಲಿರುವ ನನ್ನ ಅತ್ತೆ ಬಾಡಿಗೆ ಲೆಕ್ಕವನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಬರೆದಿಡುತ್ತಾರೆ. ಬಾಡಿಗೆ ಬಂದ ದಿನದ ಚೌಕದಲ್ಲಿ ಮೊತ್ತ, ಪಕ್ಕದಲ್ಲಿ ಒಂದು ಅಕ್ಷರ. ಹಂಚಿನ ಮನೆಗೆ ‘ಹ’, ಕೆಳಗಿನ ಮನೆಗೆ ‘ಕೆ’, ಮೇಲಿನ ಮನೆಗೆ ‘ಮೇ’. ಮಾರ್ಚ್ ಮುಗಿದ ಮೇಲೆ ಹಳೇ ಕ್ಯಾಲೆಂಡರು, ಹೊಸ ಕ್ಯಾಲೆಂಡರು ಎರಡನ್ನೂ ಮುಂದಿಟ್ಟುಕೊಂಡು ವರ್ಷದ ಲೆಕ್ಕ ಮಾಡಲು ಕೂತೆವು. ಬಂದ ಹಣ ಕೂಡಿಸುವುದು ಸುಲಭವಾಗಿತ್ತು. ನನ್ನನ್ನು ಕಾಡಿದ್ದು ಏನೂ ಬರೆಯದ ತಿಂಗಳುಗಳು. ಜೂನ್ ಹಾಳೆಯಲ್ಲಿ ‘ಹ’ ಇಲ್ಲ, ‘ಮೇ’ ಕೂಡ ಇಲ್ಲ. ಫೆಬ್ರವರಿ, ಮಾರ್ಚ್ ಹಾಳೆಗಳಲ್ಲಿ ‘ಕೆ’ ಇಲ್ಲ. “ಬರೆದಿಲ್ಲ ಅಂದ್ರೆ ದುಡ್ಡು ಬಂದಿಲ್ಲ ಅಂತ್ಲೇ ಅಲ್ವಾ?” ಎಂದರು ಅತ್ತೆ. ಹೌದು. ಆದರೆ ಯಾಕೆ ಬಂದಿಲ್ಲ ಎನ್ನುವುದರ ಮೇಲೆ ಇಡೀ ವರ್ಷದ ಲೆಕ್ಕ ನಿಂತಿದೆ.

ಎರಡು ಮೂರು ಮನೆ ಬಾಡಿಗೆಗೆ ಕೊಟ್ಟವರು ನಮ್ಮ ಕಡೆ ಬಹಳ ಜನ ಇದ್ದಾರೆ. ಕೈಗಾ, ನೌಕಾನೆಲೆ, ಮೆಡಿಕಲ್ ಕಾಲೇಜು, ಸರ್ಕಾರಿ ಕಚೇರಿಗಳು ಇರುವುದರಿಂದ ಕಾರವಾರದಲ್ಲಿ ಬಾಡಿಗೆಗೆ ಜನ ಸಿಗುತ್ತಾರೆ. ವರ್ಷದ ಕೊನೆಗೆ ಅವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಲೆಕ್ಕ, ತಿಂಗಳ ಬಾಡಿಗೆ ಗುಣಿಲೆ ಹನ್ನೆರಡು. ತೆರಿಗೆ ಸಲಹೆಗಾರರಿಗೂ ಅದೇ ಸಂಖ್ಯೆ ಹೇಳುತ್ತಾರೆ. ಇಲ್ಲವೆಂದರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬಂದದ್ದನ್ನೆಲ್ಲ ಕೂಡಿಸಿ ಹೇಳುತ್ತಾರೆ. ಎರಡೂ ನಿಜವಾದ ಆದಾಯ ಅಲ್ಲ. ಅತ್ತೆಯ ಮೂರು ಮನೆಗಳನ್ನೇ ಇಟ್ಟುಕೊಂಡು ಅದನ್ನು ಬಿಡಿಸಿ ಹೇಳುತ್ತೇನೆ. ಊರಿನವರಿಗೆ ಗುರುತು ಸಿಗಬಾರದು ಎಂದು ಮೊತ್ತಗಳನ್ನು ಸ್ವಲ್ಪ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ನಾವು ನಡೆದದ್ದೇ.

ಮೂರು ಬಗೆಯ ಸೊನ್ನೆ

ಮುಂದೆ ಇರುವ ಹಂಚಿನ ಮನೆಗೆ ತಿಂಗಳಿಗೆ 7,500 ರೂಪಾಯಿ. ಹಿಂದಿನ ಆರ್‌ಸಿಸಿ ಕಟ್ಟಡದ ಕೆಳಗಿನ ಮನೆಗೆ 8,500. ಮೇಲಿನ ಮನೆಗೆ 9,000 ಇತ್ತು, ಜುಲೈಯಿಂದ 9,500 ಆಯಿತು.

ಹಂಚಿನ ಮನೆಯಲ್ಲಿರುವವರು ಟ್ರಾಲರ್ ಬೋಟಿನಲ್ಲಿ ಕೆಲಸ ಮಾಡುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಅವರ ಕೈಯಲ್ಲಿ ಕಾಸು ಓಡಾಡುವುದಿಲ್ಲ. ಬಾಡಿಗೆ ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಒಟ್ಟಿಗೆ ಬರುತ್ತದೆ, ಪ್ರತಿ ವರ್ಷವೂ ಬರುತ್ತದೆ. ಅತ್ತೆ ಅದನ್ನು ಕೇಳಲು ಹೋಗುವುದೂ ಇಲ್ಲ. ಮೇಲಿನ ಮನೆಯವರು ಏಪ್ರಿಲ್ ಕೊನೆಗೆ ವರ್ಗವಾಗಿ ಹೋದರು. ಮೇ, ಜೂನ್ ಮನೆ ಖಾಲಿ ಇತ್ತು. ಜುಲೈ 1ಕ್ಕೆ ಹೊಸಬರು ಬಂದರು. ಕೆಳಗಿನ ಮನೆಯವರು ಗುತ್ತಿಗೆ ಕೆಲಸದಲ್ಲಿರುವವರು. ಅವರ ಬಿಲ್ ಎಲ್ಲೋ ತಡವಾಗಿ ಫೆಬ್ರವರಿ ಮತ್ತು ಮಾರ್ಚ್ ಬಾಡಿಗೆಯನ್ನು ಏಪ್ರಿಲ್‌ನಲ್ಲಿ ಕೊಟ್ಟರು.

ಕ್ಯಾಲೆಂಡರಿನಲ್ಲಿ ಇವೆಲ್ಲ ಒಂದೇ ಥರ ಕಾಣುತ್ತವೆ. ಜೂನ್ ಹಾಳೆಯಲ್ಲಿ ಇಲ್ಲದ ‘ಹ’ ತಡವಾಗಿ ಬರುವ ದುಡ್ಡು. ಅದೇ ಹಾಳೆಯಲ್ಲಿ ಇಲ್ಲದ ‘ಮೇ’ ಎಂದಿಗೂ ಬಾರದ ದುಡ್ಡು. ಮಾರ್ಚ್‌ನಲ್ಲಿ ಇಲ್ಲದ ‘ಕೆ’ ಬರುತ್ತದೆ, ಆದರೆ ವರ್ಷ ದಾಟಿ ಬರುತ್ತದೆ. ಹಾಗಾಗಿ ನಾವು ಮೊದಲು ಮಾಡಿದ ಕೆಲಸ ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಮೂರು ಮನೆಗೆ ಮೂರು ಸಾಲು, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಂಬ ಎಳೆದದ್ದು. ಪ್ರತಿ ಚೌಕದಲ್ಲಿ ಎರಡು ವಿಷಯ ಬರೆದೆವು. ಮೇಲೆ ಆ ತಿಂಗಳು ಬರಬೇಕಾದ ಬಾಡಿಗೆ. ಕೆಳಗೆ ಅದು ಕೈಗೆ ಬಂದ ತಾರೀಖು. ಮನೆ ಖಾಲಿ ಇದ್ದರೆ ಮೇಲೆ ಸೊನ್ನೆ ಬರೆದು ‘ಖಾಲಿ’ ಎಂದು ಕಾರಣದ ಸಮೇತ ಗುರುತು. ಜನ ಇದ್ದೂ ಬಾಡಿಗೆ ಬರದಿದ್ದರೆ ಮೇಲೆ ಪೂರ್ತಿ ಬಾಡಿಗೆ, ಕೆಳಗೆ ‘ಬಾಕಿ’. ಯಾವ ಚೌಕವನ್ನೂ ಬರಿದಾಗಿ ಬಿಡಬಾರದು. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆ ಹಾಳೆಯಿಂದ ಹೊರಟ ಲೆಕ್ಕ ಹೀಗಿದೆ. ಹಂಚಿನ ಮನೆ 12 ತಿಂಗಳಿಗೆ 90,000. ಕೆಳಗಿನ ಮನೆ 12 ತಿಂಗಳಿಗೆ 1,02,000. ಮೇಲಿನ ಮನೆ ಏಪ್ರಿಲ್‌ನದು 9,000, ಜುಲೈಯಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳಿಗೆ 85,500, ಒಟ್ಟು 94,500. ಮೂರೂ ಸೇರಿ ವರ್ಷಕ್ಕೆ ಸಲ್ಲಬೇಕಾದ ಬಾಡಿಗೆ 2,86,500 ರೂಪಾಯಿ. ಇದರಲ್ಲಿ ಮಾರ್ಚ್ 31ರೊಳಗೆ ಕೈಗೆ ಬಂದದ್ದು 2,69,500. ಉಳಿದ 17,000 ಕೆಳಗಿನ ಮನೆಯ ಎರಡು ತಿಂಗಳ ಬಾಕಿ.

ಈ 17,000ದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಆದಾಯ ತೆರಿಗೆಯಲ್ಲಿ ಮನೆ ಬಾಡಿಗೆಯನ್ನು ಹಿಡಿಯುವುದು ಕೈಗೆ ಬಂದ ದಿನದಿಂದ ಅಲ್ಲ, ಅದು ಯಾವ ವರ್ಷಕ್ಕೆ ಸಲ್ಲಬೇಕೋ ಆ ವರ್ಷಕ್ಕೆ. ಹಾಗಾಗಿ ಏಪ್ರಿಲ್‌ನಲ್ಲಿ ಬಂದರೂ ಫೆಬ್ರವರಿ, ಮಾರ್ಚ್ ಬಾಡಿಗೆ ಹಿಂದಿನ ವರ್ಷದ್ದೇ. ಪಾಸ್‌ಬುಕ್ ನೋಡಿ ಲೆಕ್ಕ ಮಾಡಿದರೆ ಈ ವರ್ಷ 17,000 ಬಿಟ್ಟುಹೋಗುತ್ತದೆ. ಮುಂದಿನ ವರ್ಷ ಏಪ್ರಿಲ್ ಜಮಾವನ್ನೂ ಕೂಡಿಸಿ, ಹನ್ನೆರಡು ತಿಂಗಳ ಬಾಡಿಗೆಗೆ ಬದಲು ಹದಿನಾಲ್ಕು ತಿಂಗಳದ್ದು ತೋರಿಸಿದ ಹಾಗಾಗುತ್ತದೆ. ಅದಕ್ಕೇ ಹೊಸ ವರ್ಷದ ಹಾಳೆಯ ತಲೆಯಲ್ಲಿ “ಹಿಂದಿನ ಬಾಕಿ ಬಂದದ್ದು 17,000, ಈ ವರ್ಷದ್ದಲ್ಲ” ಎಂದು ಬರೆದಿಟ್ಟೆವು.

ಬಾಕಿ ಇಟ್ಟವರು ಕೊಡದೇ ಹೋದರೆ? ಹಾಗೆ ಮುಳುಗಿದ ಬಾಡಿಗೆಯನ್ನು ಆದಾಯದಿಂದ ಬಿಡಲು ನಿಯಮದಲ್ಲಿ ಅವಕಾಶ ಇದೆ. ಆದರೆ “ಕೊಡಲಿಲ್ಲ” ಎಂದಷ್ಟೇ ಹೇಳಿದರೆ ಸಾಲದು. ಬಾಡಿಗೆ ಕರಾರು ನಿಜವಾದದ್ದಾಗಿರಬೇಕು. ಆ ಬಾಡಿಗೆದಾರರು ಮನೆ ಬಿಟ್ಟಿರಬೇಕು, ಅಥವಾ ಬಿಡಿಸಲು ನೀವು ಕ್ರಮ ಕೈಗೊಂಡಿರಬೇಕು. ನಿಮ್ಮದೇ ಇನ್ನೊಂದು ಮನೆಯಲ್ಲಿ ಅವರು ಇರಬಾರದು. ವಸೂಲಿಗೆ ಕಾನೂನು ಕ್ರಮ ತೆಗೆದುಕೊಂಡಿರಬೇಕು, ಇಲ್ಲವೇ ಅದರಿಂದ ಪ್ರಯೋಜನ ಇಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಮುಂದೆ ಎಂದಾದರೂ ಆ ಹಣ ಬಂದರೆ, ಬಂದ ವರ್ಷದ ಆದಾಯವಾಗುತ್ತದೆ. ಜನ ಮನೆಯಲ್ಲೇ ಇದ್ದಾರೆ, ಬಾಡಿಗೆ ಎರಡು ತಿಂಗಳು ತಡ ಅಷ್ಟೇ ಅಂದರೆ ಅದನ್ನು ಬಿಡುವಂತಿಲ್ಲ.

ಖಾಲಿ ತಿಂಗಳಿನದು ಬೇರೆ ಕಥೆ. ಬಾಡಿಗೆಗೆ ಕೊಟ್ಟ ಮನೆ ವರ್ಷದಲ್ಲಿ ಕೆಲವು ತಿಂಗಳು ಖಾಲಿ ಇದ್ದು, ಅದರಿಂದಲೇ ಬಾಡಿಗೆ ಕಡಿಮೆ ಬಂದಿದ್ದರೆ, ಬಂದಷ್ಟೇ ಬಾಡಿಗೆಯನ್ನು ಹಿಡಿಯಬಹುದು. ಮೇಲಿನ ಮನೆಗೆ ಮೇ, ಜೂನ್ ಬಾಡಿಗೆ ತೋರಿಸಬೇಕಾಗಿಲ್ಲ. ಆದರೆ ಖಾಲಿ ಇತ್ತು ಅನ್ನುವುದಕ್ಕೆ ಕಾಗದ ಬೇಕು. ಹಳೇ ಬಾಡಿಗೆದಾರರಿಗೆ ಡಿಪಾಸಿಟ್ ವಾಪಸ್ ಕೊಟ್ಟ ತಾರೀಖು, ಹೊಸ ಕರಾರಿನ ತಾರೀಖು, ಈ ಎರಡರ ನಡುವಿನ ಹೆಸ್ಕಾಂ ಬಿಲ್. ಯೂನಿಟ್ ಹೆಚ್ಚೂಕಡಿಮೆ ಸೊನ್ನೆ ಇರುವ ಬಿಲ್ಲಿಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ನಾವು ಆ ಬಿಲ್ಲುಗಳನ್ನು ಹಾಳೆಗೆ ಪಿನ್ ಮಾಡಿದೆವು. ಇಡೀ ವರ್ಷ ಖಾಲಿ ಬಿದ್ದಿರುವ ಮನೆಗೆ ಈ ಲೆಕ್ಕ ಹೀಗೇ ಹೊಂದುವುದಿಲ್ಲ. ಅಂಥದ್ದಿದ್ದರೆ ಸಲಹೆಗಾರರ ಹತ್ತಿರ ಮೊದಲೇ ಕೇಳಿ.

ಮಳೆ ಹಿಡಿಯುವ ಮೊದಲು

ಬಾಡಿಗೆ ಮನೆಯ ಖರ್ಚಿನ ಬಗ್ಗೆ ಓದಿದರೆ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚು ಹಿಡಿಯಿರಿ ಎನ್ನುತ್ತಾರೆ. ಕರಾವಳಿಯಲ್ಲಿ ಇದು ನಡೆಯುವುದಿಲ್ಲ. ಇಲ್ಲಿ ಖರ್ಚೆಲ್ಲ ಏಪ್ರಿಲ್, ಮೇ ತಿಂಗಳಲ್ಲೇ ಬಂದು ಬೀಳುತ್ತದೆ. ಹಂಚು ಕೈಯಾಡಿಸುವುದು ಮಳೆಗೆ ಮೊದಲೇ ಆಗಬೇಕು. ಒಡೆದ ಹಂಚು ಬದಲಿಸಿ, ಒರಲೆ ಹಿಡಿದ ರೀಪು ಕಿತ್ತು ಹೊಸದು ಹೊಡೆದು, ಪಕಾಸು ಗಟ್ಟಿ ಇದೆಯೇ ಎಂದು ನೋಡಬೇಕು. ಮೇ ಮೂರನೇ ವಾರ ದಾಟಿದರೆ ಕೆಲಸದವರು ಸಿಗುವುದಿಲ್ಲ, ಎಲ್ಲರ ಮನೆಯಲ್ಲೂ ಅದೇ ಗಡಿಬಿಡಿ. ಟೆರೇಸಿನ ವಾಟರ್‌ಪ್ರೂಫಿಂಗ್‌ಗೆ ಕಾಂಕ್ರೀಟು ಪೂರ್ತಿ ಒಣಗಿರಬೇಕು, ಅದೂ ಬೇಸಿಗೆಯಲ್ಲೇ. ಒಳಗಿನ ಬಣ್ಣವೂ ಹಾಗೇ. ಜೂನ್‌ನಲ್ಲಿ ಚಿರೇಕಲ್ಲಿನ ಗೋಡೆ ತೇವ ಹಿಡಿದಿರುತ್ತದೆ, ಪುಟ್ಟಿ ಒಣಗುವುದಿಲ್ಲ. ಒಣಗಿತು ಎಂದು ಬಣ್ಣ ಹೊಡೆದರೆ ಆಗಸ್ಟಿನೊಳಗೆ ಪದರು ಎದ್ದು ಬರುತ್ತದೆ. ಮನೆ ಜೂನ್‌ನಲ್ಲಿ ಖಾಲಿ ಆದರೆ ಸರಿಯಾಗಿ ಬಣ್ಣ ಹೊಡೆಯಲು ಅಕ್ಟೋಬರ್‌ವರೆಗೆ ಕಾಯಬೇಕು. ಮುಚ್ಚಿದ ಮನೆಯೊಳಗೆ ಮಳೆಗಾಲದಲ್ಲಿ ಬೂಷ್ಟು ಬೇರೆ.

ಇದೇ ಹೊತ್ತಿಗೆ ನಗರಸಭೆಯ ಆಸ್ತಿ ತೆರಿಗೆ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ. ಇದೇ ಹೊತ್ತಿಗೆ ಶಾಲೆ ರಜೆ, ಜನ ಮನೆ ಬದಲಿಸುವುದು ರಜೆಯಲ್ಲೇ. ಮನೆ ಬಿಟ್ಟವರಿಗೆ ಡಿಪಾಸಿಟ್ ವಾಪಸ್ ಕೊಡಬೇಕು. ಮೀನುಗಾರಿಕೆ ನಿಂತು ಹಂಚಿನ ಮನೆಯ ಬಾಡಿಗೆ ತಡ ಆಗುವುದೂ ಜೂನ್‌ನಿಂದಲೇ.

ಅತ್ತೆಯ ಏಪ್ರಿಲ್, ಮೇ, ಜೂನ್ ತಿಂಗಳುಗಳನ್ನು ಬೇರೆ ತೆಗೆದು ನೋಡಿದಾಗ ನನಗೆ ವರ್ಷದ ಮೊತ್ತಕ್ಕಿಂತ ಅದೇ ಮುಖ್ಯ ಅನ್ನಿಸಿತು. ಏಪ್ರಿಲ್‌ನಲ್ಲಿ ಮೂರೂ ಮನೆಯಿಂದ 25,000 ಬಂತು. ಮೇ ತಿಂಗಳಲ್ಲಿ ಎರಡು ಮನೆಯಿಂದ 16,000. ಜೂನ್‌ನಲ್ಲಿ ಕೆಳಗಿನ ಮನೆಯ 8,500 ಮಾತ್ರ. ಒಟ್ಟು 49,500. ಅದೇ ಮೂರು ತಿಂಗಳಲ್ಲಿ ಹೋದದ್ದು ಆಸ್ತಿ ತೆರಿಗೆ 5,700, ಹಂಚಿನ ಮಾಡಿನ ಕೆಲಸ 26,000, ಟೆರೇಸಿಗೆ 14,000, ಮೇಲಿನ ಮನೆಗೆ ಬಣ್ಣ 16,500. ಇಷ್ಟಕ್ಕೇ 62,200. ಮೇಲಿನ ಮನೆಯವರ ಡಿಪಾಸಿಟ್ 45,000 ಸೇರಿದರೆ 1,07,200. ಅಂದರೆ ಮೊದಲ ಮೂರು ತಿಂಗಳಲ್ಲೇ 57,700 ರೂಪಾಯಿ ಕಡಿಮೆ ಬಿತ್ತು. ವರ್ಷದ ಕೊನೆಯ ಮೊತ್ತದಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಕೊನೆಗೆ ಲಾಭವೇ ಇದೆ. ಆದರೆ ಮೇ ತಿಂಗಳಲ್ಲಿ ಅತ್ತೆ ಎಫ್‌ಡಿ ಮುರಿಸಿದ್ದು ಇದೇ ಕಾರಣಕ್ಕೆ.

ಡಿಪಾಸಿಟ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದು ಆದಾಯವೂ ಅಲ್ಲ, ವಾಪಸ್ ಕೊಟ್ಟಾಗ ಖರ್ಚೂ ಅಲ್ಲ. ಜುಲೈಯಲ್ಲಿ ಹೊಸಬರು ಕೊಟ್ಟ 50,000 ಪಾಸ್‌ಬುಕ್ಕಿನಲ್ಲಿ ಬಾಡಿಗೆಯ ಪಕ್ಕದಲ್ಲೇ ಕೂತಿದೆ, ಅದನ್ನು ಬಾಡಿಗೆಯಲ್ಲಿ ಸೇರಿಸಬಾರದು. ನಮ್ಮ ಹಾಳೆಯ ತಳದಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಇದೆ. ಹಂಚಿನ ಮನೆಯದು 30,000, ಕೆಳಗಿನದು 40,000, ಮೇಲಿನದು 50,000, ಒಟ್ಟು 1,20,000. ಇಷ್ಟು ದುಡ್ಡು ಬೇರೆಯವರದು. ಯಾರು ಯಾವಾಗ ಮನೆ ಬಿಟ್ಟರೂ ಕೊಡುವಂತೆ ಇರಬೇಕು.

ಶೇಕಡಾ ಮೂವತ್ತು

“ಇಷ್ಟೆಲ್ಲ ರಿಪೇರಿ ಬಿಲ್ ಇದೆಯಲ್ಲ, ತೆರಿಗೆಯಲ್ಲಿ ಕಳೀತಾರೆ ಅಲ್ವಾ?” ಎಂದು ಅತ್ತೆ ಕೇಳಿದರು. ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಕಳೆಯುವುದಿಲ್ಲ. ಮನೆ ಬಾಡಿಗೆ ಆದಾಯದಲ್ಲಿ ಕಳೆಯಲು ಬರುವುದು ಬೆರಳೆಣಿಕೆಯ ಬಾಬತ್ತು. ಮೊದಲನೆಯದು ನಗರಸಭೆಗೆ ಕಟ್ಟಿದ ಆಸ್ತಿ ತೆರಿಗೆ. ಅದನ್ನು ಮಾಲೀಕರೇ ಕಟ್ಟಿರಬೇಕು, ಆ ವರ್ಷದೊಳಗೇ ಕಟ್ಟಿರಬೇಕು. ಬಾಕಿ ಇಟ್ಟರೆ ಆ ವರ್ಷ ಸಿಗುವುದಿಲ್ಲ, ಕಟ್ಟಿದ ವರ್ಷ ಸಿಗುತ್ತದೆ. ಅದನ್ನು ಕಳೆದ ಮೇಲೆ ಉಳಿದ ಮೊತ್ತದ 30% ಅನ್ನು ಸಾರಾಸಗಟಾಗಿ ಬಿಡುತ್ತಾರೆ. ಹಂಚು, ಬಣ್ಣ, ಪಂಪ್, ದಲ್ಲಾಳಿ ಕಮಿಷನ್ ಎಲ್ಲವೂ ಅದರೊಳಗೇ. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ 30% ಸಿಗುತ್ತದೆ, ಎರಡು ಲಕ್ಷ ಸುರಿದರೂ 30% ಮಾತ್ರ. ಮನೆಗೆ ಸಾಲ ಇದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು, ಅಸಲನ್ನಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿಯಿಂದ ಬಾಡಿಗೆ ಲೆಕ್ಕದಲ್ಲಿ ನಷ್ಟ ಬಂದರೆ ಅದನ್ನು ಸಂಬಳದಂಥ ಬೇರೆ ಆದಾಯಕ್ಕೆ ಹೊಂದಿಸಲು ಬರುವುದಿಲ್ಲ. ಅತ್ತೆಗೆ ಸಾಲ ಇಲ್ಲ, ಹಾಗಾಗಿ ಅದು ಬೇಕಾಗಲಿಲ್ಲ.

ಅತ್ತೆಯ ಲೆಕ್ಕ ನೋಡಿ. ಸಲ್ಲಬೇಕಾದ ಬಾಡಿಗೆ 2,86,500. ಆಸ್ತಿ ತೆರಿಗೆ 5,700 ಕಳೆದರೆ 2,80,800. ಅದರ 30% ಅಂದರೆ 84,240. ಉಳಿದ 1,96,560 ತೆರಿಗೆ ಲೆಕ್ಕದ ಬಾಡಿಗೆ ಆದಾಯ. ಇದನ್ನು ಪಿಂಚಣಿ, ಬ್ಯಾಂಕ್ ಬಡ್ಡಿ ಎಲ್ಲದರ ಜೊತೆ ಕೂಡಿಸಬೇಕು. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಸಾಮಾನ್ಯ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತದೆ. ಆದರೆ ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು. ತೆರಿಗೆ ಇಲ್ಲ, ಹಾಗಾಗಿ ಲೆಕ್ಕವೂ ಬೇಡ ಎಂದುಕೊಳ್ಳುವವರಿಗೆ ಇದನ್ನು ಒತ್ತಿ ಹೇಳಬೇಕು.

ಈಗ ನಿಜವಾಗಿ ಆದ ಖರ್ಚು. ಆಗಲೇ ಹೇಳಿದ ಹಂಚು, ಟೆರೇಸು, ಬಣ್ಣ ಬಿಟ್ಟು ಪಂಪ್ ಮೋಟಾರ್ ರಿವೈಂಡಿಂಗ್ 3,800, ನಲ್ಲಿ ಪೈಪಿನ ಸಣ್ಣ ಕೆಲಸಗಳು 4,200, ಶೌಚ ಗುಂಡಿ ಖಾಲಿ ಮಾಡಿಸಿದ್ದು 3,500. ರಿಪೇರಿ ಒಟ್ಟು 68,000. ಇದರ ಮೇಲೆ ಪಂಪು ಮತ್ತು ಮೆಟ್ಟಿಲ ದೀಪದ ಕರೆಂಟು, ನಗರಸಭೆ ನೀರಿನ ಬಿಲ್, ದಲ್ಲಾಳಿಗೆ ಅರ್ಧ ತಿಂಗಳ ಬಾಡಿಗೆ, ಕರಾರಿನ ಸ್ಟಾಂಪು, ಟೈಪಿಂಗ್ ಎಲ್ಲ ಸೇರಿ 14,950. ಎರಡೂ ಕೂಡಿದರೆ 82,950. ತೆರಿಗೆಯಲ್ಲಿ ಬಿಟ್ಟುಕೊಟ್ಟದ್ದು 84,240. ಹೆಚ್ಚೂಕಡಿಮೆ ಸಮ.

ಈ ವರ್ಷ ಹೀಗೆ ಸರಿಹೋದದ್ದು ಆಕಸ್ಮಿಕ. ಮುಂದಿನ ವರ್ಷ ಹಂಚು, ಟೆರೇಸು ಮುಟ್ಟದಿದ್ದರೆ ಖರ್ಚು 40,000 ಕೂಡ ಆಗಲಿಕ್ಕಿಲ್ಲ, ಆದರೂ 30% ಬಿಡುತ್ತಾರೆ. ಪಕಾಸೆಲ್ಲ ಬದಲಿಸುವ ವರ್ಷ ಖರ್ಚು ಒಂದೂವರೆ ಲಕ್ಷ ದಾಟುತ್ತದೆ, ಆಗಲೂ ಅಷ್ಟೇ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಖರ್ಚು ಕಡಿಮೆ ಆದ ವರ್ಷ ಉಳಿದ ಮೊತ್ತ ಲಾಭ ಅಲ್ಲ. ಅದು ಮುಂದೆ ಬರುವ ಮಾಡಿನ ಕೆಲಸದ ದುಡ್ಡು. ತೆರಿಗೆಯವರು ಕಾಣದ ಈ ವ್ಯತ್ಯಾಸವನ್ನು ನಮ್ಮ ಹಾಳೆ ತೋರಿಸಬೇಕು.

ರಿಪೇರಿ ಬಿಲ್ ತೆರಿಗೆಗೆ ಬೇಡ ಅಂದಮೇಲೆ ಇಟ್ಟುಕೊಳ್ಳುವುದೇಕೆ? ಎರಡು ಕಾರಣ ಇವೆ. ಯಾವ ಕೆಲಸ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ಗೊತ್ತಾಗುವುದು ಹಳೇ ಬಿಲ್ಲುಗಳಿಂದಲೇ. ಇನ್ನೊಂದು, ರಿಪೇರಿ ಬೇರೆ, ಮನೆಗೆ ಹೊಸದಾಗಿ ಸೇರಿಸುವುದು ಬೇರೆ. ಅತ್ತೆ ಈಗ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟ್ ಹೊದಿಸುವ ಯೋಚನೆಯಲ್ಲಿದ್ದಾರೆ. ನಮ್ಮ ಊರುಗಳಲ್ಲಿ ಈಗ ಎಲ್ಲರೂ ಮಾಡಿಸುತ್ತಿದ್ದಾರೆ. ಅದು ವರ್ಷದ ಖರ್ಚಿನಲ್ಲಿ ಬರಬಾರದು. ಆದರೆ ಅದರ ಬಿಲ್ಲನ್ನು ಮನೆ ಪತ್ರಗಳ ಜೊತೆಗೇ ಇಡಬೇಕು. ಮುಂದೆ ಮನೆ ಮಾರಿದರೆ ಲಾಭದ ಲೆಕ್ಕದಲ್ಲಿ ಇಂಥ ಖರ್ಚು ಮನೆಯ ವೆಚ್ಚಕ್ಕೆ ಸೇರುತ್ತದೆ. ಕಾಗದ ಇಲ್ಲದಿದ್ದರೆ ಸೇರಿಸುವುದು ಕಷ್ಟ. ನಗದಿನಲ್ಲಿ ಕೆಲಸ ಮಾಡುವ ಮೇಸ್ತ್ರಿಗಳು ಬಿಲ್ ಕೊಡುವುದಿಲ್ಲ. ಹೆಸರು, ತಾರೀಖು, ಏನು ಕೆಲಸ, ಎಷ್ಟು ದುಡ್ಡು ಎಂದು ಒಂದು ಚೀಟಿ ಬರೆದು ಸಹಿ ಹಾಕಿಸಿಕೊಳ್ಳಿ. ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಮೇಲಿನ ಮನೆಯ ಹಳಬರು ಬಾಡಿಗೆಯನ್ನು ಅತ್ತೆಯ ಮಗನ ಯುಪಿಐ ನಂಬರಿಗೆ ಹಾಕುತ್ತಿದ್ದರು, ಅವನು ಬೆಂಗಳೂರಿನಿಂದ ಅತ್ತೆಗೆ ಕಳಿಸುತ್ತಿದ್ದ. ಮನೆ ಅತ್ತೆಯ ಹೆಸರಿನಲ್ಲಿರುವುದರಿಂದ ಆದಾಯ ಅತ್ತೆಯದೇ, ದುಡ್ಡು ಯಾರ ಖಾತೆಗೆ ಬಂದರೂ ಸರಿ. ಆದರೆ ಅವನ ಸಂಬಳದ ಖಾತೆಯಲ್ಲಿ ತಿಂಗಳು ತಿಂಗಳು 9,000 ಬರುವುದನ್ನು ಮುಂದೊಂದು ದಿನ ವಿವರಿಸುವ ತೊಂದರೆ ಯಾಕೆ? ಹೊಸಬರ ಕರಾರಿನಲ್ಲಿ ಅತ್ತೆಯ ಖಾತೆ ಸಂಖ್ಯೆಯನ್ನೇ ಬರೆಸಿದ್ದಾರೆ.

ಐನೂರು ರೂಪಾಯಿಯ ಜೂನ್

ಹಾಳೆಯಲ್ಲಿ ‘ಖಾಲಿ’ ಎಂದು ಬರೆದ ಎರಡು ಚೌಕಗಳಿಗೆ ಕಾರಣ ಬರೆಯುವಾಗ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಮೇ ಖಾಲಿ ಇದ್ದದ್ದು ಬಣ್ಣಕ್ಕೆ. ಅದು ಬೇಕಾಗಿಯೇ ಇತ್ತು. ಜೂನ್ ಖಾಲಿ ಇದ್ದದ್ದು ಬಾಡಿಗೆ ಹೊಂದದೆ. ಜೂನ್ 1ರಿಂದ ಬರಲು ಒಬ್ಬರು ಸಿದ್ಧರಿದ್ದರು, ಹಳೇ ಬಾಡಿಗೆ 9,000ಕ್ಕೇ ಕೇಳಿದ್ದರು. ಅತ್ತೆ 9,500ಕ್ಕೆ ನಿಂತರು. ಒಂದು ತಿಂಗಳು ಕಾದ ಮೇಲೆ 9,500 ಕೊಡುವವರೇ ಬಂದರು.

ಲೆಕ್ಕ ಹಾಕಿ ನೋಡೋಣ. ಜೂನ್‌ನಿಂದ 9,000ಕ್ಕೆ ಕೊಟ್ಟಿದ್ದರೆ ಮಾರ್ಚ್‌ವರೆಗೆ ಹತ್ತು ತಿಂಗಳಿಗೆ 90,000. ಜುಲೈಯಿಂದ 9,500ರಂತೆ ಒಂಬತ್ತು ತಿಂಗಳಿಗೆ 85,500. ಈ ವರ್ಷ 4,500 ಕಡಿಮೆ. ಬಿಟ್ಟ ಒಂದು ತಿಂಗಳ 9,000 ವಾಪಸ್ ಬರಬೇಕಾದರೆ ತಿಂಗಳಿಗೆ 500ರಂತೆ ಹದಿನೆಂಟು ತಿಂಗಳು ಬೇಕು. ಕರಾರು ಇರುವುದು ಹನ್ನೊಂದು ತಿಂಗಳಿಗೆ. ಹೊಸಬರು ಒಂದೂವರೆ ವರ್ಷಕ್ಕಿಂತ ಜಾಸ್ತಿ ಉಳಿದರೆ ಮಾತ್ರ ಅತ್ತೆಯ ನಿರ್ಧಾರದಿಂದ ಲಾಭ. “ಒಮ್ಮೆ ಒಂಬತ್ತಕ್ಕೇ ಕೊಟ್ರೆ ಮುಂದೆ ಏರ್ಸೋದು ಕಷ್ಟ ಮಾರಾಯ, ಏರ್ಸೋದು ಹೊಸಬರು ಬರೋವಾಗ್ಲೇ” ಎಂದರು ಅತ್ತೆ. ಅವರ ಮಾತಿನಲ್ಲಿ ಹುರುಳಿದೆ. ಮುಂದಿನ ಏರಿಕೆಯೆಲ್ಲ 9,500ರ ಮೇಲೆಯೇ ಆಗುತ್ತದೆ. ಆದರೂ ನಾನಾಗಿದ್ದರೆ ಜೂನ್‌ಗೇ ಕೊಡುತ್ತಿದ್ದೆ. ಮಳೆಯಲ್ಲಿ ಮುಚ್ಚಿಟ್ಟ ಮನೆ ಹಾಳಾಗುತ್ತದೆ, ಜೂನ್ ಎರಡನೇ ವಾರ ದಾಟಿದರೆ ಶಾಲೆ ಶುರುವಾಗಿ ಕುಟುಂಬದವರು ಮನೆ ಹುಡುಕುವುದೂ ಕಡಿಮೆ. ಜುಲೈಗೆ ಸಿಕ್ಕದ್ದು ಪುಣ್ಯ. ಸಿಗದಿದ್ದರೆ ದೀಪಾವಳಿವರೆಗೂ ಕಾಯಬೇಕಾಗುತ್ತಿತ್ತೇನೋ.

ಅತ್ತೆಗೂ ನನಗೂ ಒಪ್ಪಿಗೆಯಾದ ವಿಷಯ ಒಂದಿದೆ. ಖಾಲಿ ತಿಂಗಳಿನ ಬೆಲೆ ಆ ತಿಂಗಳ ಬಾಡಿಗೆ ಮಾತ್ರ ಅಲ್ಲ. ಎರಡು ತಿಂಗಳ ಬಾಡಿಗೆ 18,000 ಹೋಯಿತು, ಸರಿ. ಅದರ ಜೊತೆ ಬಣ್ಣ 16,500, ದಲ್ಲಾಳಿ ಕಮಿಷನ್ 4,750, ಕರಾರಿನ ಖರ್ಚು, ಎರಡು ತಿಂಗಳ ಹೆಸ್ಕಾಂ ನಿಗದಿತ ಶುಲ್ಕ. ಬಾಡಿಗೆದಾರರು ಒಮ್ಮೆ ಬದಲಾದರೆ ಸುಮಾರು 40,000, ಆ ಮನೆಯ ನಾಲ್ಕು ತಿಂಗಳ ಬಾಡಿಗೆಗಿಂತ ಜಾಸ್ತಿ. ಇದು ಗೊತ್ತಿದ್ದರೆ ಒಳ್ಳೆಯ ಬಾಡಿಗೆದಾರರು ಒಂದು ತಿಂಗಳು ತಡ ಮಾಡಿದಾಗ, ಅಥವಾ ಏರಿಕೆಯಲ್ಲಿ ಇನ್ನೂರು ಬಿಡಿ ಎಂದಾಗ, ಏನು ಮಾಡಬೇಕು ಎನ್ನುವುದು ಸುಲಭ. ಜುಲೈ 1ರಿಂದ ಹನ್ನೊಂದು ತಿಂಗಳ ಕರಾರು ಮೇ 31ಕ್ಕೆ ಮುಗಿಯುತ್ತದೆ. ಮುಂದಿನ ಸಲ ಅದನ್ನು ಹತ್ತೇ ತಿಂಗಳಿಗೆ ಮಾಡಿಸಿ ಎಂದು ಹೇಳಿದ್ದೇನೆ. ಜೂನ್‌ನಿಂದ ಮಾರ್ಚ್‌ಗೆ ಬಂದು ನಿಂತರೆ, ಯಾರಾದರೂ ಬಿಡುವುದಾದರೂ ಬಣ್ಣಕ್ಕೆ ಏಪ್ರಿಲ್ ಸಿಗುತ್ತದೆ, ರಜೆಯಲ್ಲಿ ಮನೆ ಹುಡುಕುವವರಿಗೆ ಮೇ ತಿಂಗಳಿಗೆ ಮನೆ ಸಿದ್ಧ ಇರುತ್ತದೆ.

ಮುಂದಿನ ಮಾರ್ಚ್‌ಗೆ

ಹೋದ ವರ್ಷದ ಹಾಳೆ ಮುಗಿದ ಕೂಡಲೇ ಬರುವ ವರ್ಷದ್ದನ್ನು ಎಳೆದೆವು. ಇದನ್ನು ಏಪ್ರಿಲ್‌ನಲ್ಲೇ ಮಾಡಬೇಕು. ಜುಲೈಯಲ್ಲಿ ರಿಟರ್ನಿನ ಗಡಿಬಿಡಿಗೆ ಮಾಡಿದರೆ ಖರ್ಚಿನ ಕಾಲವೇ ಮುಗಿದುಹೋಗಿರುತ್ತದೆ.

ಮೂರೂ ಮನೆ ಹನ್ನೆರಡು ತಿಂಗಳು ತುಂಬಿದ್ದರೆ ಬಾಡಿಗೆ 3,06,000 ಆಗುತ್ತದೆ. ಅದನ್ನು ಹಾಗೇ ಬರೆಯಲಿಲ್ಲ. ಮೂರು ಮನೆ ಅಂದರೆ ವರ್ಷಕ್ಕೆ ಮೂವತ್ತಾರು ತಿಂಗಳ ಬಾಡಿಗೆ. ಮೂರು ವರ್ಷಕ್ಕೊಮ್ಮೆ ಒಂದೊಂದು ಮನೆ ಎರಡು ತಿಂಗಳು ಖಾಲಿ ಬೀಳುತ್ತದೆ ಎಂದು ಹಿಡಿದರೆ ಪ್ರತಿ ವರ್ಷ ಎಲ್ಲಾದರೂ ಎರಡು ತಿಂಗಳು ಹೋಗುತ್ತದೆ. ಅದಕ್ಕೆ 18,000 ಕಳೆದು 2,88,000 ಬರೆದೆವು. ಯಾರೂ ಬಿಡದಿದ್ದರೆ ಆ 18,000 ಮಾಡಿನ ದುಡ್ಡಿಗೆ ಸೇರುತ್ತದೆ.

ರಿಪೇರಿಗೆ ಹೋದ ವರ್ಷದ 68,000 ಹಾಗೇ ಹಾಕಲು ಬರುವುದಿಲ್ಲ, ಸೊನ್ನೆಯೂ ಹಾಕಬಾರದು. ಒಂದೊಂದು ಕೆಲಸಕ್ಕೂ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ಅತ್ತೆಯನ್ನೇ ಕೇಳಿದೆ. ಆ ಮನೆಯಲ್ಲಿ ನಲವತ್ತು ಮಳೆಗಾಲ ನೋಡಿದವರು ಅವರು. ಹಂಚು ಎರಡು ವರ್ಷಕ್ಕೊಮ್ಮೆ, ಅಂದರೆ ವರ್ಷಕ್ಕೆ 13,000. ಟೆರೇಸು ನಾಲ್ಕು ವರ್ಷಕ್ಕೊಮ್ಮೆ, 3,500. ಹೊರಗೋಡೆಯ ಬಣ್ಣಕ್ಕೆ ಈಗ 60,000 ಹೇಳುತ್ತಾರೆ, ಆರು ವರ್ಷಕ್ಕೊಮ್ಮೆ ಆದರೆ ವರ್ಷಕ್ಕೆ 10,000. ಒಳಬಣ್ಣ ವರ್ಷಕ್ಕೆ ಒಂದು ಮನೆಯಂತೆ 16,500. ಸಣ್ಣಪುಟ್ಟದ್ದೆಲ್ಲ ಸೇರಿ 9,000. ಒಟ್ಟು 52,000. ಆಸ್ತಿ ತೆರಿಗೆಗೆ 6,000, ಕರೆಂಟು, ನೀರು, ಕರಾರು ಇತ್ಯಾದಿಗೆ 15,000. ಇಷ್ಟೂ ಕಳೆದರೆ ವರ್ಷಕ್ಕೆ 2,15,000 ಉಳಿಯುತ್ತದೆ, ತಿಂಗಳಿಗೆ ಸುಮಾರು 17,900.

ಮೂರೂ ಮನೆಯ ಬಾಡಿಗೆ ಬಂದ ತಿಂಗಳು ಅತ್ತೆಯ ಕೈಗೆ ಬರುವುದು 25,500. ಅದರಲ್ಲಿ 17,500 ಮನೆಖರ್ಚಿಗೆ, ಉಳಿದದ್ದನ್ನು ಬೇರೆ ಖಾತೆಗೆ ಹಾಕುವುದು ಎಂದು ತೀರ್ಮಾನಿಸಿದ್ದಾರೆ. ಮಾರ್ಚ್ ಕೊನೆಗೆ ಆ ಖಾತೆಯಲ್ಲಿ ಕಡಿಮೆ ಅಂದರೂ 60,000 ಇರಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ಈ ಸಲ ಬಿದ್ದ ಕೊರತೆ ಅಷ್ಟೇ. ಹಂಚಿನ ಮನೆಯ ಬಾಡಿಗೆ ಏರಿಸುವ ವಿಷಯ ಇನ್ನೂ ಮುಗಿದಿಲ್ಲ. ಮಾಡಿನ ಖರ್ಚು ನೋಡಿದರೆ ಮೂರರಲ್ಲಿ ಕಡಿಮೆ ಉಳಿಯುವುದು ಅದರಲ್ಲೇ, 8,000 ಮಾಡಬೇಕು ಎಂದು ನನ್ನ ವಾದ. ಅವರು ಮನೆ ಬಿಟ್ಟರೆ ಆ ಹಳೇ ಮನೆಗೆ ಬೇರೆಯವರು ಬೇಗ ಸಿಗುವುದಿಲ್ಲ ಎಂದು ಅತ್ತೆಯ ವಾದ. ಬೋಟು ಕಡಲಿಗೆ ಇಳಿದು ಎರಡು ತಿಂಗಳ ಬಾಕಿ ತೀರಿದ ಮೇಲೆ, ಅಕ್ಟೋಬರ್‌ನಲ್ಲಿ ಅವರ ಹತ್ತಿರವೇ ಕೂತು ಮಾತಾಡುವುದು ಎಂದಾಗಿದೆ.